ಟ್ಯೂಷನ್ ಗಂಟೆ ಓದಿನ ಗಂಟೆಯಲ್ಲ

ಎಸ್ಸೆಸ್ಸೆಲ್ಸಿ ಮಕ್ಕಳ ವೇಳಾಪಟ್ಟಿ ಸಾಮಾನ್ಯವಾಗಿ ಟ್ಯೂಷನ್ನಿನಿಂದ ಶುರುವಾಗುತ್ತದೆ. ಅದರ ಹೊತ್ತು ಮೊದಲು ಗೊತ್ತಾಗುತ್ತದೆ, ಮಿಕ್ಕದ್ದನ್ನು ಅದರ ಅಕ್ಕಪಕ್ಕ ತುರುಕಲಾಗುತ್ತದೆ. ನನ್ನ ಲೆಕ್ಕದಲ್ಲಿ ಇದು ತಲೆಕೆಳಗು. ಟ್ಯೂಷನ್ನಿನಲ್ಲಿ ಕೂತ ಹೊತ್ತು ಕೇಳಿದ ಹೊತ್ತೇ ಹೊರತು ಓದಿದ ಹೊತ್ತಲ್ಲ. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ವಾರ ಕಳೆದ ಮೇಲೆ ಮಾತ್ರ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಮುಂದಿದ್ದರು. ಬೋರ್ಡಿನ ಮೇಲೆ ಮೇಷ್ಟ್ರು ಬಿಡಿಸಿದ ಲೆಕ್ಕ ಆ ಕ್ಷಣಕ್ಕೆ ಸಲೀಸು ಅನಿಸುವುದು ಈ ಐದು ನಿಮಿಷದ ನೆನಪಿನಿಂದಲೇ.

ಹಾನಗಲ್ಲಿನ ಪ್ರೌಢಶಾಲೆಗೆ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಕನ್ನಡ ಮಾಧ್ಯಮದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಸೋಮವಾರದಿಂದ ಶುಕ್ರವಾರದವರೆಗೆ ಸ್ಪೆಷಲ್ ಕ್ಲಾಸ್ ಸೇರಿ ಸಂಜೆ ಐದೂಕಾಲರವರೆಗೆ ಶಾಲೆ. ಸೋಮ, ಗುರು ಗಣಿತದ ಟ್ಯೂಷನ್. ಮಂಗಳ, ಶುಕ್ರ ವಿಜ್ಞಾನದ್ದು. ಐದೂವರೆಯಿಂದ ಏಳರವರೆಗೆ ಅಲ್ಲಿದ್ದು, ಬಸ್ಸು ಹಿಡಿದು ಮನೆ ಮುಟ್ಟುವಾಗ ಎಂಟು. ಊಟ ಮುಗಿಸಿ ಎಂಟೂಮುಕ್ಕಾಲಿಗೆ ಕೂತರೆ ಹತ್ತರವರೆಗೆ ಒಂದೂಕಾಲು ಗಂಟೆ ಸಿಗುತ್ತದೆ. ಬೆಳಿಗ್ಗೆ ಐದೂಮುಕ್ಕಾಲರಿಂದ ಏಳೂಕಾಲರವರೆಗೆ ಐದು ದಿನ ಒಂದೂವರೆ ಗಂಟೆ. ಟ್ಯೂಷನ್ ಇಲ್ಲದ ಬುಧವಾರದ ಸಂಜೆ ಎರಡೂಮುಕ್ಕಾಲು ಗಂಟೆ. ಬೆಳಗಿನ ಶಾಲೆ ಮುಗಿಸಿ ಬಂದ ಶನಿವಾರದ ಮಧ್ಯಾಹ್ನ ಮೂರು, ಭಾನುವಾರ ನಾಲ್ಕು. ಎಲ್ಲ ಕೂಡಿಸಿದರೆ ವಾರಕ್ಕೆ ಇಪ್ಪತ್ತೆರಡೂಕಾಲು ಗಂಟೆ. ನಿಜವಾಗಿ ಅವಳದಾದ ಹೊತ್ತು ಇಷ್ಟೇ.

ಇದನ್ನು ಹಂಚುವಾಗ ಅಂಕಗಳ ಕಡೆಗೂ ಕಣ್ಣಿರಬೇಕು. 2025ರ ಪರೀಕ್ಷೆಯ ಲೆಕ್ಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಟ್ಯೂಷನ್ನಿಗೆ ಹೋಗುವ ಗಣಿತ, ವಿಜ್ಞಾನ ಸೇರಿ 200. ಯಾರೂ ಟ್ಯೂಷನ್ ಹೇಳದ ವಿಷಯಗಳದ್ದು 425. ಆದ್ದರಿಂದ ಟ್ಯೂಷನ್ ದಿನದ ರಾತ್ರಿಯ ಒಂದೂಕಾಲು ಗಂಟೆ ಅಂದು ಹೇಳಿಕೊಟ್ಟ ಲೆಕ್ಕಗಳನ್ನು ನೋಟ್‌ಬುಕ್ ಮುಚ್ಚಿಟ್ಟು ಮತ್ತೆ ಬಿಡಿಸುವುದಕ್ಕೆ ಮಾತ್ರ. ಬೆಳಗುಗಳನ್ನು ಗಣಿತ ಮುಟ್ಟಬಾರದು: ಎರಡು ಕನ್ನಡಕ್ಕೆ, ಎರಡು ಸಮಾಜ ವಿಜ್ಞಾನಕ್ಕೆ, ಒಂದು ಇಂಗ್ಲಿಷಿಗೆ. ಬುಧವಾರದ ಸಂಜೆಯನ್ನು ಇಂಗ್ಲಿಷ್, ಹಿಂದಿ ಹಂಚಿಕೊಳ್ಳಲಿ. (ಸವಣೂರಿನ ಉರ್ದು ಮಾಧ್ಯಮದ ಮಕ್ಕಳಿಗೆ ಸಾಮಾನ್ಯವಾಗಿ ಕನ್ನಡವೇ ತೃತೀಯ ಭಾಷೆ, ಅವರ ಬೆಳಗುಗಳು ಉರ್ದುವಿಗೆ ಹೋಗಬೇಕು.) ಶನಿವಾರ ವಾರದ ತಪ್ಪುಗಳನ್ನು ತಿದ್ದುವುದಕ್ಕೆ. ಭಾನುವಾರ ಹತ್ತಕ್ಕೆ ಕೂತು ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಒಂದೂಕಾಲರವರೆಗೆ ಎದ್ದೇಳದೆ ಬರೆಯಬೇಕು. ಸಂಜೆ ಮುಕ್ಕಾಲು ಗಂಟೆಯಲ್ಲಿ ಮಾದರಿ ಉತ್ತರಗಳೊಂದಿಗೆ ತಾಳೆ ನೋಡಬೇಕು. ಆರು ವಾರಕ್ಕೆ ಆರೂ ವಿಷಯಗಳ ಒಂದು ಸುತ್ತು ಮುಗಿಯುತ್ತದೆ.

ಮನೆಯಲ್ಲಿ ಹೇಳಿಕೊಡುವವರಿಲ್ಲ, ಟ್ಯೂಷನ್ ಬಿಟ್ಟರೆ ಗತಿಯಿಲ್ಲ ಎನ್ನುವವರ ಮಾತು ಸುಳ್ಳಲ್ಲ. ಅಪ್ಪ ಅವ್ವ ಶಾಲೆಯ ಮೆಟ್ಟಿಲು ಹತ್ತದ ಮನೆಯಲ್ಲಿ ತ್ರಿಕೋನಮಿತಿ ಯಾರನ್ನು ಕೇಳುವುದು? ಅದಕ್ಕೇ ನಾನು ಟ್ಯೂಷನ್ ಬಿಡಿ ಎನ್ನುತ್ತಿಲ್ಲ, ಅಳತೆ ಮೀರಬೇಡಿ ಎನ್ನುತ್ತಿದ್ದೇನೆ. ಇದೇ ಹುಡುಗಿ ವಾರಕ್ಕೆ ಐದು ದಿನ ಬೆಳಗಿನ ಟ್ಯೂಷನ್ನಿಗೂ ಸೇರಿದಳೆನ್ನಿ: ಏಳೂವರೆ ಗಂಟೆ ಕಳೆದು ಅವಳಿಗೆ ಉಳಿಯುವುದು ಹದಿನಾಲ್ಕೂಮುಕ್ಕಾಲು. ಕನ್ನಡ ಮತ್ತು ಸಮಾಜ ವಿಜ್ಞಾನದ ಹೊತ್ತೇ ಅಲ್ಲಿ ಹೋಯಿತು. ನಿದ್ದೆ ಕಡಿತ ಮಾಡಿ ತುಂಬಿಕೊಂಡರಾಯಿತು ಎನ್ನುವುದು ಇನ್ನೊಂದು ವಾದ. ತೂಕಡಿಸುತ್ತ ಕೂತ ಗಂಟೆ ಪಟ್ಟಿಯಲ್ಲಿ ಕಾಣುತ್ತದೆ, ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ.

ಗೋವಿನಜೋಳದ ಸುಗ್ಗಿಯಲ್ಲಿ ಹಿರೇಕೆರೂರು, ಶಿಗ್ಗಾವಿ ಕಡೆಯ ಮಕ್ಕಳಿಗೆ ಭಾನುವಾರ ಹೊಲದಲ್ಲೇ ಕಳೆಯಬಹುದು. ಆ ವಾರಗಳಲ್ಲಿ ಪ್ರಶ್ನೆಪತ್ರಿಕೆ ಶನಿವಾರಕ್ಕೆ ಬರಲಿ, ತಪ್ಪು ತಿದ್ದುವುದು ಒಂದು ವಾರ ತಪ್ಪಿದರೆ ತಪ್ಪಲಿ. ಬಸ್ಸು ತಪ್ಪಿದ ರಾತ್ರಿ ಅರ್ಧ ಗಂಟೆಯೇ ಸಿಕ್ಕರೂ ಅಂದಿನ ಎರಡು ಲೆಕ್ಕ ಬಿಡಿಸಿ ಮಲಗಬೇಕು. ಪಟ್ಟಿ ಕೆಟ್ಟಿದೆಯೋ ಇಲ್ಲವೋ ತಿಳಿಯಲು ದೊಡ್ಡ ಪರೀಕ್ಷೆ ಬೇಡ. ಟ್ಯೂಷನ್ನಿನ ನೋಟ್ಸು ತುಂಬುತ್ತ ಹೋಗಿ, ತಾನೇ ಬಿಡಿಸುವ ನೋಟ್‌ಬುಕ್ ಎರಡು ವಾರ ಹಾಗೇ ಉಳಿದಿದ್ದರೆ ಟ್ಯೂಷನ್ ಹೆಚ್ಚಾಗಿದೆ ಎಂದರ್ಥ. ಮುಂದಿನ ತಿಂಗಳ ಫೀಸು ಕಟ್ಟುವ ಮೊದಲು ಪಾಲಕರು ಆ ಎರಡನೆಯ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಲಿ. ಓದು ಬಾರದವರಿಗೂ ಖಾಲಿ ಹಾಳೆ ಕಾಣುತ್ತದೆ.