‘ಯಾವಾಗ ಬಂದದ್ದು? ಯಾವಾಗ ಹೋಗುವುದು?’ : ಕೆಲಸ ಕಳೆದುಕೊಂಡವರನ್ನು ಮಾತನಾಡಿಸುವ ಬಗೆ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಗಳಲ್ಲಿ ಗಲ್ಫ್ ರಾಷ್ಟ್ರಗಳಿಗೆ ದುಡಿಯಲು ಹೋದವರಿಲ್ಲದ ಊರು ವಿರಳ. ಹಾಗೆ ಹೋದವರು ಊರಿಗೆ ಬಂದಾಗ ಬಸ್ ನಿಲ್ದಾಣದಲ್ಲಾಗಲಿ ಮದುವೆಯ ಮನೆಯಲ್ಲಾಗಲಿ ಅವರಿಗೆ ಮೊದಲು ಎದುರಾಗುವುದು ಒಂದು ಜೋಡಿ ಪ್ರಶ್ನೆ: ‘ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುವುದು?’ ಕನ್ನಡದಲ್ಲಿ ಮಾತ್ರವಲ್ಲ, ನೆರೆಯ ಮಲೆಯಾಳದಲ್ಲಿಯೂ ಇದೇ ಜೋಡಿ ಬಳಕೆಯಲ್ಲಿದೆ. ಕೇಳುವವರ ಮನಸ್ಸಿನಲ್ಲಿ ಕುತೂಹಲಕ್ಕಿಂತ ಅಭ್ಯಾಸವೇ ಹೆಚ್ಚು. ರಜೆಯಲ್ಲಿ ಬಂದವರು ನಗುತ್ತ ದಿನಾಂಕವನ್ನು ಹೇಳಿ ಮುಂದೆ ಸಾಗುತ್ತಾರೆ. ಆದರೆ ಕೆಲಸ ಕಳೆದುಕೊಂಡು ಬಂದವರಿಗೆ ಇದೇ ಪ್ರಶ್ನೆ ಬೇರೆಯಾಗಿ ಕೇಳಿಸುತ್ತದೆ. ಅಲ್ಲಿಯ ವಾಸದ ಪರವಾನಗಿ ಸಾಮಾನ್ಯವಾಗಿ ಉದ್ಯೋಗಕ್ಕೆ ಅಂಟಿಕೊಂಡಿರುವುದರಿಂದ, ಬೇಗನೆ ಬೇರೆ ಕೆಲಸ ಸಿಗದಿದ್ದರೆ ಊರಿಗೆ ಮರಳದೆ ವಿಧಿಯಿಲ್ಲ. ಹೀಗಾಗಿ ಅವರ ಪಾಲಿಗೆ ಊರಿಗೆ ಬಂದ ವಿಚಾರ ಮತ್ತು ಕೆಲಸ ಹೋದ ವಿಚಾರ ಎರಡೂ ಒಂದೇ ಆಗಿರುತ್ತವೆ. ನಾವು ಮೊದಲನೆಯದನ್ನು ಕೇಳಿದೆವೆಂದುಕೊಂಡಾಗ ಅವರು ಎರಡನೆಯದಕ್ಕೆ ಉತ್ತರ ಹುಡುಕುತ್ತಿರುತ್ತಾರೆ.

ಇದು ಬರಿಯ ಶಿಷ್ಟಾಚಾರದ ಸಂಗತಿಯಲ್ಲ, ಭಾಷೆಯ ಸಂಗತಿಯೂ ಹೌದು. ಸಮಾಚಾರ ತಿಳಿಯುವುದಕ್ಕಲ್ಲದೆ ಸಂಬಂಧವನ್ನು ಉಳಿಸಿಕೊಳ್ಳುವುದಕ್ಕೆಂದೇ ಆಡುವ ಮಾತುಗಳನ್ನು ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರ ಲೇಖನವೊಂದರಲ್ಲಿ ‘ಫ್ಯಾಟಿಕ್ ಕಮ್ಯೂನಿಯನ್’ ಎಂದು ಕರೆದನು. ಕನ್ನಡದ ದಿನಬಳಕೆಯಲ್ಲಿ ಇಂತಹ ಮಾತುಗಳು ಬಹುಮಟ್ಟಿಗೆ ಪ್ರಶ್ನೆಯ ರೂಪದಲ್ಲಿಯೇ ಇವೆ. ‘ಊಟ ಆಯಿತಾ?’, ‘ಎತ್ತ ಕಡೆ?’, ‘ಮತ್ತೆಂತ ವಿಶೇಷ?’ ಎಂಬಿವು ರೂಪದಲ್ಲಿ ಪ್ರಶ್ನೆಗಳು, ಕೆಲಸದಲ್ಲಿ ನಮಸ್ಕಾರಗಳು. ಆದುದರಿಂದ ‘ಏನನ್ನೂ ಕೇಳಬೇಡಿ’ ಎಂಬ ಸಲಹೆ ನಮ್ಮ ಭಾಷೆಗೆ ಹೊಂದುವುದಿಲ್ಲ. ಏನನ್ನೂ ಕೇಳದೆ ಹೋದರೆ ಮುಖ ತಿರುಗಿಸಿದಂತೆಯೇ ಆಗುತ್ತದೆ. ಯಾವ ಪ್ರಶ್ನೆ ನಮಸ್ಕಾರವಾಗಿ ಉಳಿಯುತ್ತದೆ, ಯಾವುದು ವಿಚಾರಣೆಯಾಗುತ್ತದೆ ಎಂಬುದನ್ನು ಗುರುತಿಸುವುದು ಇಲ್ಲಿ ಮುಖ್ಯ.

ಗುರುತಿಸಲು ಒಂದು ಸರಳವಾದ ಪರೀಕ್ಷೆಯಿದೆ. ಅಸ್ಪಷ್ಟ ಉತ್ತರವನ್ನು ಕೊಟ್ಟರೂ ಸಾಕಾಗುವ ಪ್ರಶ್ನೆ ನಮಸ್ಕಾರ. ‘ಎತ್ತ ಕಡೆ?’ ಎಂದರೆ ‘ಹೀಗೇ, ಪೇಟೆಗೆ’ ಎಂದರಾಯಿತು, ‘ಮತ್ತೆಂತ ವಿಶೇಷ?’ ಎಂದರೆ ‘ಎಂತದೂ ಇಲ್ಲ’ ಎಂದರಾಯಿತು. ಹೀಗೆ ಹೇಳಿದವರು ಏನನ್ನೋ ಮುಚ್ಚಿಟ್ಟರೆಂದು ಯಾರೂ ತಿಳಿಯುವುದಿಲ್ಲ. ‘ಇನ್ನು ಯಾವಾಗ ಹೋಗುವುದು?’ ಎಂಬುದು ಹಾಗಲ್ಲ. ಅದು ದಿನಾಂಕವನ್ನು ಬೇಡುತ್ತದೆ. ‘ನೋಡಬೇಕು’ ಎಂದು ತೇಲಿಸಿ ಹೇಳಿದರೆ ಆ ತೇಲಿಕೆಯೇ ಸುದ್ದಿಯಾಗುತ್ತದೆ. ಅಂದರೆ ಉತ್ತರ ಹೇಳಿದರೂ, ಹೇಳದಿದ್ದರೂ ಗುಟ್ಟು ಹೊರಬೀಳುವ ಪ್ರಶ್ನೆಯದು. ‘ಈಗ ಎಲ್ಲಿ ಕೆಲಸ?’, ‘ರಜೆ ಎಷ್ಟು ದಿವಸ ಉಂಟು?’ ಎಂಬಿವೂ ಇದೇ ಗುಂಪಿಗೆ ಸೇರುತ್ತವೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ದುಬೈಯ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ಲೆಕ್ಕ ಬರೆಯುತ್ತಿದ್ದ ಒಬ್ಬ ಯುವಕ ಕೆಲಸ ಹೋಗಿ ಊರಿಗೆ ಬಂದು ಎರಡು ತಿಂಗಳಾಗಿದೆ. ಮದುವೆಯ ಮನೆಯ ಚಪ್ಪರದಲ್ಲಿ ಸಂಬಂಧದಲ್ಲಿ ಮಾವನಾಗುವ ಹಿರಿಯರೊಬ್ಬರು ಅವನನ್ನು ಕಾಣುತ್ತಾರೆ.

‘ಯಾವಾಗ ಬಂದದ್ದು?’
‘ಎರಡು ತಿಂಗಳಾಯಿತು ಮಾವ.’
‘ಇನ್ನು ಯಾವಾಗ ಹೋಗುವುದು?’
‘ನೋಡಬೇಕು.’
‘ಯಾಕೆ? ರಜೆ ಎಷ್ಟು ಉಂಟು?’
‘ಈಗ ಅಲ್ಲಿ ಕೆಲಸ ಇಲ್ಲ ಮಾವ.’
‘ಅಯ್ಯೋ! ನೀನೇ ಬಿಟ್ಟದ್ದಾ, ಅವರು ತೆಗೆದದ್ದಾ?’
‘ಹೋಯಿತು ಮಾವ.’
‘ಆಗುವುದೆಲ್ಲ ಒಳ್ಳೆಯದಕ್ಕೇ ಮಾರಾಯ. ತೋಟ ಉಂಟಲ್ಲ, ಚಿಂತೆ ಬಿಡು.’

ಮಾವನಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇಲ್ಲ. ಆದರೂ ಮಾತು ಮೂರು ಕಡೆ ತಪ್ಪಿದೆ.

ಮೊದಲನೆಯದು, ‘ನೋಡಬೇಕು’ ಎಂಬ ಉತ್ತರದ ಬಳಿಕವೂ ಪ್ರಶ್ನೆ ಮುಂದುವರಿದದ್ದು. ನಮ್ಮ ಮಾತಿನಲ್ಲಿ ‘ನೋಡಬೇಕು’, ‘ಹೀಗೇ’, ‘ಹಾಗೇ ಉಂಟು’ ಎಂಬಿವು ಬಾಗಿಲು ಮುಚ್ಚುವ ಪದಗಳು. ಉತ್ತರಗಳು ಚಿಕ್ಕದಾಗುತ್ತ ಹೋಗುವುದು, ನಾವು ಆಡಿದ ಕೊನೆಯ ಪದವನ್ನೇ ಅವರು ಮರಳಿ ನುಡಿಯುವುದು, ನೋಟ ಬೇರೆಡೆಗೆ ಸರಿಯುವುದು ಕೂಡ ಅಂತಹವೇ ಸೂಚನೆಗಳು. ಅಲ್ಲಿಗೆ ನಿಲ್ಲಿಸಿದ್ದರೆ ಹೆಚ್ಚಿನ ನೋವಾಗುತ್ತಿರಲಿಲ್ಲ.

ಎರಡನೆಯದು, ‘ಬಿಟ್ಟದ್ದಾ, ತೆಗೆದದ್ದಾ?’ ಎಂಬ ಪ್ರಶ್ನೆ. ಇದರಲ್ಲಿ ಕನ್ನಡ ವ್ಯಾಕರಣದ ಒಂದು ಸೂಕ್ಷ್ಮವಿದೆ. ‘ಕೆಲಸ ಬಿಟ್ಟೆ’ ಎಂದರೆ ಕರ್ತೃ ನಾನು. ‘ಕೆಲಸದಿಂದ ತೆಗೆದರು’ ಎಂದರೆ ಕರ್ತೃಗಳು ಅವರು. ‘ಕೆಲಸ ಹೋಯಿತು’ ಎಂಬುದು ಅಕರ್ಮಕ ವಾಕ್ಯ. ಅಲ್ಲಿ ಕೆಲಸವೇ ಕರ್ತೃಪದ. ಯಾರು ಏನು ಮಾಡಿದರು, ತಪ್ಪು ಯಾರದು ಎಂಬುದನ್ನು ಆ ವಾಕ್ಯ ಹೇಳುವುದೇ ಇಲ್ಲ. ಯುವಕನು ‘ಹೋಯಿತು’ ಎಂಬ ರೂಪವನ್ನು ಆರಿಸಿಕೊಂಡದ್ದು ಆ ಕಾರಣಕ್ಕಾಗಿಯೇ. ಆದುದರಿಂದ ಎದುರಿನವರು ಯಾವ ಕ್ರಿಯಾಪದವನ್ನು ಬಳಸುತ್ತಾರೋ ಅದನ್ನೇ ನಾವೂ ಬಳಸುವುದು ಕ್ಷೇಮ. ಅವರು ‘ಬಿಟ್ಟುಬಂದೆ’ ಎಂದರೆ ನಮಗೂ ‘ಬಿಟ್ಟುಬಂದದ್ದು’. ‘ಹೋಯಿತು’ ಎಂದರೆ ನಮಗೂ ‘ಹೋದದ್ದು’. ಅದನ್ನು ನಾವಾಗಿ ‘ತೆಗೆದರು’ ಎಂದು ತಿದ್ದಬಾರದು.

ಮೂರನೆಯದು, ಬಲವಂತದ ಸಮಾಧಾನ. ‘ಆಗುವುದೆಲ್ಲ ಒಳ್ಳೆಯದಕ್ಕೇ’, ‘ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಬಿಡಿ’ ಎಂಬ ಮಾತುಗಳಿಗೆ ‘ಹೌದು’ ಎಂಬ ಒಂದೇ ಉತ್ತರ ಸಾಧ್ಯ. ‘ಇಲ್ಲ, ನನಗೆ ಹಾಗೆ ತೋರುವುದಿಲ್ಲ’ ಎಂದರೆ ಹಿರಿಯರ ಹಾರೈಕೆಯನ್ನು ತಳ್ಳಿದಂತಾಗುತ್ತದೆ. ಹೀಗಾಗಿ ಸಮಾಧಾನ ಬೇಕಾಗಿದ್ದವನೇ ಸಮಾಧಾನ ಹೇಳಿದವರ ಮನಸ್ಸನ್ನು ಕಾಯಬೇಕಾಗುತ್ತದೆ. ವಾಕ್ಯದ ಕೊನೆಯ ‘ಬಿಡು’, ‘ಬಿಡಿ’ ಎಂಬ ಪದ ‘ಈ ವಿಷಯ ಇಲ್ಲಿಗೆ ಮುಗಿಯಿತು’ ಎಂದೂ ಸೂಚಿಸುತ್ತದೆ. ಇನ್ನು ‘ತೋಟ ಉಂಟಲ್ಲ’ ಎಂಬ ಮಾತು. ಆ ತೋಟದಲ್ಲಿ ಅಣ್ಣತಮ್ಮಂದಿರ ಪಾಲೆಷ್ಟು, ಸಾಲವೆಷ್ಟು, ಅಡಿಕೆಗೆ ರೋಗ ತಗುಲಿದೆಯೇ ಎಂಬುದು ಹೇಳುವವರಿಗೆ ತಿಳಿದಿರುವುದಿಲ್ಲ.

ಅದೇ ಚಪ್ಪರ, ಅದೇ ಇಬ್ಬರು. ಮಾತು ಹೀಗೂ ಸಾಗಬಹುದು.

‘ಬಾ ಮಾರಾಯ, ನಿನ್ನನ್ನು ಕಾಣದೆ ತುಂಬ ಸಮಯವಾಯಿತು.’
‘ಹೌದು ಮಾವ.’
‘ಊಟ ಆಯಿತಾ?’
‘ಇಲ್ಲ, ಮುಂದಿನ ಪಂಕ್ತಿಗೆ ಕೂರುವ ಅಂತ.’
‘ನನ್ನದೂ ಆಗಲಿಲ್ಲ. ಒಟ್ಟಿಗೆ ಕೂರುವ.’

ಎಲೆಯ ಮುಂದೆ ಕುಳಿತ ಮೇಲೆ ಯುವಕನು ತಾನಾಗಿ ಹೇಳುತ್ತಾನೆ:

‘ಅಲ್ಲಿಯ ಕೆಲಸ ಹೋಯಿತು ಮಾವ.’
‘ಹೌದಾ? ಬೇಸರದ ವಿಷಯ. ಹನ್ನೆರಡು ವರ್ಷ ಇದ್ದ ಜಾಗ ಅದು.’
‘ಹೌದು. ಇದ್ದಕ್ಕಿದ್ದ ಹಾಗೆ ಆದದ್ದು.’
‘ಹ್ಞೂಂ.’

ಪಾಯಸ ಬಡಿಸುವಷ್ಟು ಹೊತ್ತು ಇಬ್ಬರೂ ಸುಮ್ಮನಿರುತ್ತಾರೆ. ಏಳುವ ಮುನ್ನ ಮಾವ ಹೇಳುತ್ತಾರೆ:

‘ಆದಿತ್ಯವಾರ ಸಂಜೆ ನಮ್ಮಲ್ಲಿ ತಾಳಮದ್ದಲೆ ಉಂಟು. ಬರಲಿಕ್ಕಾದರೆ ಬಾ. ಆಗದಿದ್ದರೂ ಅಡ್ಡಿಯಿಲ್ಲ.’

ಇಲ್ಲಿ ಮೊದಲ ಮಾತು ಪ್ರಶ್ನೆಯೇ ಅಲ್ಲ. ‘ನಿನ್ನನ್ನು ಕಾಣದೆ ತುಂಬ ಸಮಯವಾಯಿತು’ ಎಂಬುದು ಮಾತನಾಡುವವರ ಅನುಭವವನ್ನು ಹೇಳುವ ವಾಕ್ಯ. ಎದುರಿನವನು ಅದಕ್ಕೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಎರಡನೆಯ ಮಾತು ಪ್ರಶ್ನೆಯಾದರೂ ಕಣ್ಣೆದುರಿನ ಊಟದ ಬಗ್ಗೆಯೇ ಹೊರತು ಅವನ ಬದುಕಿನ ಬಗ್ಗೆಯಲ್ಲ. ಸುದ್ದಿ ಅವನಿಂದಲೇ ಬಂದಾಗ ಮಾವ ಒಂದೇ ವಾಕ್ಯದಲ್ಲಿ ಬೇಸರವನ್ನು ಒಪ್ಪಿಕೊಂಡರು, ಕಳೆದುಹೋದದ್ದು ದೊಡ್ಡದೆಂಬುದನ್ನು ಹೇಳಿದರು, ಸುಮ್ಮನಾದರು. ‘ಇದ್ದಕ್ಕಿದ್ದ ಹಾಗೆ’ ಎಂಬ ಮಾತಿಗೆ ‘ಯಾಕೆ ಹಾಗೆ?’ ಎಂದು ಕೇಳುವ ಬದಲು ‘ಹ್ಞೂಂ’ ಎಂದರು. ‘ಹ್ಞೂಂ’ ಎಂಬುದಕ್ಕೆ, ಅವನಿಗೆ ಇಷ್ಟವಿದ್ದರೆ ಇನ್ನಷ್ಟು ಹೇಳಬಹುದು, ಇಲ್ಲವಾದರೆ ಮೌನವಾಗಿರಬಹುದು. ಕೊನೆಯ ಆಮಂತ್ರಣಕ್ಕೆ ದಿನವಿದೆ, ಹೊತ್ತಿದೆ, ನಿರಾಕರಿಸುವ ಅವಕಾಶವೂ ಇದೆ. ‘ಏನಾದರೂ ಬೇಕಿದ್ದರೆ ಹೇಳು’ ಎಂಬ ಮಾತಿಗಿಂತ ಇದು ಮೇಲು. ಆ ಮಾತಿನಲ್ಲಿ ಕೇಳುವ ಭಾರ ಅವನ ಮೇಲೆಯೇ ಬೀಳುತ್ತದೆ.

ಸುದ್ದಿ ನಮಗೆ ಯಾರಿಂದ ತಿಳಿಯಿತು ಎಂಬುದೂ ಮುಖ್ಯ. ಅವರೇ ಫೋನಿನಲ್ಲಿ ಹೇಳಿದ್ದರೆ, ಭೇಟಿಯಾದಾಗ ಏನೂ ಆಗದವರಂತೆ ನಟಿಸುವುದು ಸರಿಯಲ್ಲ. ‘ಅವತ್ತು ನೀವು ಹೇಳಿದ್ದು ಮನಸ್ಸಿನಲ್ಲಿ ಇತ್ತು’ ಎಂಬ ಒಂದು ವಾಕ್ಯ ಸಾಕು. ಮೂರನೆಯವರಿಂದ ತಿಳಿದಿದ್ದರೆ ನಾವಾಗಿ ಎತ್ತದಿರುವುದೇ ಮೇಲು. ‘ಕೇಳಿದೆ ಮಾರಾಯ’ ಎಂದು ತೊಡಗಿದರೆ ತನ್ನ ಸಂಗತಿ ಊರಿನವರ ಬಾಯಲ್ಲಿದೆ ಎಂಬ ಹೊಸ ಸುದ್ದಿಯನ್ನು ಅವರಿಗೆ ಕೊಟ್ಟಂತಾಗುತ್ತದೆ. ಅವರ ತಾಯಿಯನ್ನೋ ಹೆಂಡತಿಯನ್ನೋ ಬದಿಗೆ ಕರೆದು ವಿಚಾರಿಸುವುದು ಇದಕ್ಕಿಂತಲೂ ತಪ್ಪು. ಆ ಪ್ರಶ್ನೆ ಅದೇ ರಾತ್ರಿ ಅವರನ್ನು ಮುಟ್ಟುತ್ತದೆ.

ಸಂಬೋಧನೆಯಲ್ಲಿಯೂ ಎಚ್ಚರ ಬೇಕು. ನಮ್ಮಲ್ಲಿ ಹುದ್ದೆಯನ್ನೇ ಹೆಸರಾಗಿಸಿ ‘ಮ್ಯಾನೇಜರ್ರೇ’, ‘ಇಂಜಿನಿಯರ್ರೇ’ ಎಂದು ಪ್ರೀತಿಯಿಂದ ಕರೆಯುವ ರೂಢಿಯಿದೆ. ಹುದ್ದೆ ಹೋದ ಮೇಲೆ ಆ ಕರೆ ಚುಚ್ಚುತ್ತದೆ. ಆಗ ಅಣ್ಣ, ಬಾವ, ಅಕ್ಕ ಎಂಬ ಸಂಬಂಧವಾಚಕಗಳೇ ಒಳ್ಳೆಯವು. ಅವು ಯಾವ ಕಂಪೆನಿಯೂ ಕೊಟ್ಟವಲ್ಲ, ಆದುದರಿಂದ ಯಾರೂ ಹಿಂತೆಗೆದುಕೊಳ್ಳಲಾರರು.

ಬಾಯಿ ತಪ್ಪಿ ‘ಯಾವಾಗ ಹೋಗುವುದು?’ ಎಂದು ಕೇಳಿಬಿಟ್ಟರೆ ಏನು ಮಾಡಬೇಕು? ಉದ್ದದ ಕ್ಷಮಾಪಣೆ ಬೇಡ. ಅದು ಗಾಯವನ್ನು ಮತ್ತೊಮ್ಮೆ ತೋರಿಸುತ್ತದೆ. ‘ನೋಡಬೇಕು’ ಎಂಬ ಉತ್ತರ ಬಂದೊಡನೆ ನಮ್ಮದೇ ಒಂದು ಸಂಗತಿಗೆ ಹೊರಳಬೇಕು: ‘ಇರಲಿ. ನಮ್ಮಲ್ಲಿ ಈ ಮಳೆಗೆ ಅಡಿಕೆ ಒಣಗಿಸುವುದೇ ಕಷ್ಟವಾಗಿದೆ.’ ಸಂಭಾಷಣೆಯ ಹೊರೆ ಆಗ ನಮ್ಮ ಕಡೆಗೆ ಬರುತ್ತದೆ, ಅವರಿಗೆ ಉಸಿರಾಡಲು ಎಡೆ ಸಿಗುತ್ತದೆ.

ಈ ಸಂಯಮಕ್ಕೂ ಒಂದು ಮೇರೆಯಿದೆ. ನಮ್ಮ ಕೈಯಲ್ಲಿ ನಿಜವಾದ ಕೆಲಸದ ಸುದ್ದಿಯಿದ್ದರೆ ಅದನ್ನು ಸಂಕೋಚದಿಂದ ಅಡಗಿಸಬಾರದು. ಆದರೆ ಅದನ್ನು ಜನರ ನಡುವೆ ಹೇಳದೆ, ಬೇರೆಯಾಗಿ, ಒಮ್ಮೆ ಮಾತ್ರ, ವಿವರಗಳೊಂದಿಗೆ ಹೇಳಬೇಕು: ಎಲ್ಲಿ, ಯಾವ ಕೆಲಸ, ಯಾರನ್ನು ಕಾಣಬೇಕು. ‘ಮಂಗಳೂರಿನಲ್ಲಿ ಬೇಕಾದಷ್ಟು ಕೆಲಸ ಉಂಟು’ ಎಂಬುದು ಸುದ್ದಿಯಲ್ಲ. ಹೇಳಿದ ಬಳಿಕ ‘ಏನಾಯಿತು?’ ಎಂದು ಬೆನ್ನುಹತ್ತಬಾರದು. ಆದರೆ ಅವರ ಮನೆಗೆ ಹೋಗಿಬರುವುದನ್ನು ಮಾತ್ರ ಮೊದಲಿನಂತೆಯೇ ನಡೆಸಿಕೊಂಡು ಬರಬೇಕು. ಮೊದಲ ತಿಂಗಳು ವಿಚಾರಿಸಲು ಬಂದವರು ಆರನೆಯ ತಿಂಗಳಲ್ಲಿ ಕಾಣುವುದಿಲ್ಲ. ‘ಊಟ ಆಯಿತಾ?’ ಎಂಬ ಹಳೆಯ ಪ್ರಶ್ನೆ ಅವರಿಗೆ ಹೆಚ್ಚು ಬೇಕಾಗುವುದು ಆಗಲೇ.