ಹತ್ತು ತಿಂಗಳ ಸಂಬಳ, ಹನ್ನೆರಡು ತಿಂಗಳ ಸಂಸಾರ

ಬಿ.ಎಡ್. ಮುಗಿಸಿದ ಹುಡುಗಿಗೆ ಎರಡು ಕೆಲಸ ಸಿಕ್ಕಿವೆ ಎಂದಿಟ್ಟುಕೊಳ್ಳೋಣ. ಒಂದು ಖಾಸಗಿ ಹೈಸ್ಕೂಲಿನದು, ತಿಂಗಳಿಗೆ 20,000 ರೂಪಾಯಿ. ಇನ್ನೊಂದು ಅದೇ ಊರಿನ ಆಫೀಸಿನದು, ತಿಂಗಳಿಗೆ 18,000. ಆಫೀಸಿನಲ್ಲಿ ಪಿಎಫ್‌ಗೆ 1,800, ಇಎಸ್‌ಐಗೆ 135 ಕಡಿತವಾಗಿ ಕೈಗೆ ಬರುವುದು 16,065. ಶಾಲೆಯಲ್ಲಿ ಯಾವ ಕಡಿತವೂ ಇಲ್ಲ. ಮನೆಯವರು ‘ಶಾಲೆಗೇ ಹೋಗು, ನಾಲ್ಕು ಸಾವಿರ ಜಾಸ್ತಿ, ಬೇಸಿಗೆ ರಜೆ ಬೇರೆ’ ಎನ್ನುತ್ತಾರೆ. ನೇಮಕದ ಪತ್ರದ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಸಂಬಳ ಜೂನ್‌ನಿಂದ ಮಾರ್ಚ್‌ವರೆಗೆ ಮಾತ್ರ.

ಆ ಒಂದು ಸಾಲಿನಿಂದ ಇಡೀ ಲೆಕ್ಕ ತಿರುಗಿಬಿಡುತ್ತದೆ. 20,000ವನ್ನು ಹತ್ತರಿಂದ ಗುಣಿಸಿದರೆ ವರ್ಷಕ್ಕೆ 2 ಲಕ್ಷ. ಅದನ್ನು ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 16,667. ಆಫೀಸಿನ 18,000ಕ್ಕೆ ಹನ್ನೆರಡು ತಿಂಗಳೂ ಉಂಟು, ವರ್ಷಕ್ಕೆ 2,16,000. ಅದರ ಮೇಲೆ ಮಾಲೀಕರು ತಮ್ಮ ಪಾಲಿನ ಪಿಎಫ್ 1,800 ಕಟ್ಟುತ್ತಾರೆ. ನೌಕರಳ ಸಂಬಳದಿಂದ ಕಡಿತವಾದ 1,800 ಕೂಡ ಅವಳದೇ ಹಣ, ಬೇರೆ ಖಾತೆಯಲ್ಲಿ ಕೂತಿದೆ ಅಷ್ಟೆ. ಹಾಗಾಗಿ ಹೋಲಿಸಬೇಕಾದದ್ದು 20,000ವನ್ನೂ 16,065ನ್ನೂ ಅಲ್ಲ, 16,667ನ್ನೂ 19,800ನ್ನೂ. ನಾಲ್ಕು ಸಾವಿರ ಹೆಚ್ಚು ಎಂದು ಕಂಡ ಕೆಲಸ ಮೂರು ಸಾವಿರಕ್ಕಿಂತ ಹೆಚ್ಚು ಕಡಿಮೆಯದ್ದು.

ನಮ್ಮ ರಾಜ್ಯದಲ್ಲಿ ಈ ಲೆಕ್ಕ ಸಾವಿರಾರು ಮನೆಗಳದ್ದು. ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರಿಗೆ ಗೌರವಧನ ಸಿಗುವುದು ಶೈಕ್ಷಣಿಕ ವರ್ಷದ ಅವಧಿಗೆ ಮಾತ್ರ. 2025ರ ಬಜೆಟ್ಟಿನಲ್ಲಿ ಅದನ್ನು ಎರಡು ಸಾವಿರ ಏರಿಸಿದಾಗ ಪ್ರಾಥಮಿಕ ಶಾಲೆಯವರಿಗೆ 12,000 ಆಯಿತು. ಹತ್ತು ತಿಂಗಳು ಪೂರ್ತಿ ಸಿಕ್ಕರೂ ಹನ್ನೆರಡಕ್ಕೆ ಹಂಚಿದಾಗ ಅದು 10,000. ನೇಮಕದ ಆದೇಶ ತಡವಾಗಿ ಜುಲೈಯಲ್ಲಿ ಕೆಲಸಕ್ಕೆ ಸೇರಿದರೆ ಒಂಬತ್ತೇ ತಿಂಗಳು, ಆಗ 9,000. ಆದ್ದರಿಂದ ‘ಹತ್ತು ತಿಂಗಳು’ ಎಂಬ ಬಾಯಿಮಾತನ್ನು ನಂಬದೆ, ಹೋದ ವರ್ಷ ಪಾಸ್‌ಬುಕ್‌ಗೆ ಎಷ್ಟು ತಿಂಗಳ ದುಡ್ಡು ಜಮೆಯಾಗಿದೆ ಎಂದು ಎಣಿಸಿ, ಆ ಮೊತ್ತವನ್ನು ಹನ್ನೆರಡರಿಂದ ಭಾಗಿಸುವುದು ಒಳ್ಳೆಯದು. ದಸರಾ ರಜೆಯ ದಿನಗಳಿಗೆ ಹಣ ಉಂಟೋ ಇಲ್ಲವೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಆ ಪಾಸ್‌ಬುಕ್ಕನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಸಂಬಳವಿಲ್ಲದ ತಿಂಗಳು ಏಪ್ರಿಲ್ ಮತ್ತು ಮೇ. ಆದರೆ ಖಾಸಗಿ ಶಾಲೆಯ ಸಂಬಳ ಸಾಮಾನ್ಯವಾಗಿ ಮುಂದಿನ ತಿಂಗಳ ಮೊದಲ ವಾರದಲ್ಲಿ ಬರುತ್ತದೆ. ಮಾರ್ಚ್ ಸಂಬಳ ಏಪ್ರಿಲ್‌ನಲ್ಲಿ ಜಮೆಯಾಗುತ್ತದೆ, ಜೂನ್ ಸಂಬಳ ಬರುವಾಗ ಜುಲೈ. ಅಂದರೆ ಪಾಸ್‌ಬುಕ್ ಖಾಲಿ ಇರುವುದು ಮೇ ಮತ್ತು ಜೂನ್‌ನಲ್ಲಿ. ಸ್ವಂತ ಮಕ್ಕಳ ಫೀಸು, ಸಮವಸ್ತ್ರ, ನೋಟ್‌ಬುಕ್, ಬಸ್ ಪಾಸ್ ಎಲ್ಲವೂ ಒಟ್ಟಿಗೆ ಬರುವುದು ಅದೇ ಹೊತ್ತಿಗೆ. ಶಾಲೆ ತೆರೆದು ಟೀಚರ್ ಪಾಠ ಶುರುಮಾಡಿರುತ್ತಾರೆ, ಕೈಯಲ್ಲಿ ಕಾಸಿರುವುದಿಲ್ಲ. ಗಾಡಿಗೋ ಮೊಬೈಲಿಗೋ ಸಾಲ ಮಾಡಿದ್ದರೆ ಕಂತು ಬೌನ್ಸ್ ಆಗುವುದೂ ಆಗಲೇ. ಬೌನ್ಸ್ ಆದಾಗಲೆಲ್ಲ ಬ್ಯಾಂಕ್ ದಂಡ ಹಾಕುತ್ತದೆ, ಮುಂದೆ ಸಾಲ ಕೇಳಲು ಹೋದಾಗ ಆ ದಾಖಲೆಯೂ ಎದುರಿಗೆ ಬರುತ್ತದೆ. ಕಂತು ಎಷ್ಟಿರಬಹುದು ಎಂದು ನಿರ್ಧರಿಸುವಾಗ ತಮ್ಮ ಸಂಬಳ 20,000 ಎಂದಲ್ಲ, 16,667 ಎಂದೇ ಹಿಡಿಯಬೇಕು. ಸಂಬಳ ಬಂದ ದಿನವೇ 3,333 ರೂಪಾಯಿಯನ್ನು ಆರ್‌ಡಿಗೆ ಹಾಕುತ್ತಾ ಹೋದರೆ ಹತ್ತು ಸಂಬಳಗಳಲ್ಲಿ 33,330 ಆಗುತ್ತದೆ. ಖಾಲಿ ತಿಂಗಳೆರಡಕ್ಕೂ ತಲಾ 16,665. ಹೇಳುವುದು ಸುಲಭ, 20,000ದಲ್ಲೇ ಸಾಲದ ಮನೆಯಲ್ಲಿ ಪ್ರತಿ ತಿಂಗಳೂ ಆರನೇ ಒಂದು ಪಾಲು ತೆಗೆದಿಡುವುದು ಎಷ್ಟು ಕಷ್ಟ ಎಂದು ಆ ಟೀಚರುಗಳಿಗೇ ಗೊತ್ತು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಕೆಲಸ ಮಾಡುವುದೇ ಹತ್ತು ತಿಂಗಳು, ಎರಡು ತಿಂಗಳು ಮನೆಯಲ್ಲಿದ್ದವರ ಸಂಬಳವನ್ನು ಹನ್ನೆರಡಕ್ಕೆ ಹಂಚಿ ‘ಕಡಿಮೆ’ ಎನ್ನುವುದು ಸರಿಯೇ? ಸರಿ, ಆದರೆ ಅದು ಸಂಸಾರದ ಲೆಕ್ಕ. ದುಡಿಮೆಯ ಬೆಲೆ ತಿಳಿಯಬೇಕಾದರೆ ದಿನದ ಲೆಕ್ಕ ಬೇರೆಯೇ ಹಾಕಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ಹೈಸ್ಕೂಲಿಗೂ ಅಷ್ಟೇ ಹಿಡಿದರೆ 2 ಲಕ್ಷಕ್ಕೆ ದಿನಕ್ಕೆ ಸುಮಾರು 909 ರೂಪಾಯಿ ಬೀಳುತ್ತದೆ. ಆಫೀಸಿನಲ್ಲಿ ಭಾನುವಾರ, ಹಬ್ಬ, ರಜೆ ಕಳೆದು 285 ದಿನ ಕೆಲಸವಿದ್ದರೆ ದಿನಕ್ಕೆ ಸುಮಾರು 758. ದಿನದ ಲೆಕ್ಕದಲ್ಲಿ ಟೀಚರದ್ದೇ ಮೇಲು. ಅದೇ ದರದಲ್ಲಿ 285 ದಿನ ದುಡಿದಿದ್ದರೆ ಅವಳಿಗೆ ತಿಂಗಳಿಗೆ ಸುಮಾರು 21,600 ಸಿಗುತ್ತಿತ್ತು.

ಎರಡೂ ಲೆಕ್ಕ ನಿಜ, ತಪ್ಪಾಗುವುದು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗ. ಬಾಡಿಗೆ ಕಟ್ಟುವ ಮಾತು ಬಂದಾಗ ದಿನದ ದರ ಎಷ್ಟೇ ಚೆನ್ನಾಗಿರಲಿ, ಮನೆ ಮಾಲೀಕರು ಮೇ ತಿಂಗಳನ್ನು ಬಿಟ್ಟುಕೊಡುವುದಿಲ್ಲ. ಇನ್ನು ದಿನದ ದರ ನಿಜವಾಗಿ ಮೇಲು ಎನ್ನಬೇಕಾದರೆ ಆ 220 ದಿನಗಳಾಚೆಯ ಕೆಲಸವನ್ನೂ ಎಣಿಸಬೇಕು. ಅದೇ ಕಾಯ್ದೆ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುವಾಗ ಪಾಠದ ತಯಾರಿಯನ್ನೂ ಸೇರಿಸಿಯೇ ಹೇಳಿದೆ. ಮನೆಗೆ ಹೊತ್ತು ತಂದ ಉತ್ತರಪತ್ರಿಕೆ, ಏಪ್ರಿಲ್‌ನಲ್ಲಿ ‘ಎರಡು ದಿನ ಬಂದು ಫಲಿತಾಂಶ ಮುಗಿಸಿಕೊಡಿ’ ಎಂದು ಬರುವ ಕರೆ, ಮೇ ತಿಂಗಳಲ್ಲಿ ಮನೆಮನೆಗೆ ಹೋಗಿ ಅಡ್ಮಿಷನ್‌ಗೆ ಮಕ್ಕಳನ್ನು ಹುಡುಕುವ ಕೆಲಸ, ಇವಕ್ಕೆ ಸಂಬಳವಿಲ್ಲ. ಇಂಥ ಇಪ್ಪತ್ತು ದಿನ ಸೇರಿದರೆ 909 ಇಳಿದು ಸುಮಾರು 833 ಆಗುತ್ತದೆ.

ರಜೆಯಲ್ಲಿ ಟ್ಯೂಷನ್, ಬೇಸಿಗೆ ಶಿಬಿರ ಮಾಡಿ ಸಂಪಾದಿಸಬಹುದಲ್ಲ ಎನ್ನುವವರಿದ್ದಾರೆ. ಕೆಲವರು ಮಾಡುತ್ತಾರೆ. ಆದರೆ ಆಗಬಹುದಾದ ಸಂಪಾದನೆಯನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ, ಹೋದ ಬೇಸಿಗೆಯಲ್ಲಿ ಕೈಗೆ ಬಂದದ್ದನ್ನು ಮಾತ್ರ ಸೇರಿಸಬಹುದು. ನಮ್ಮ ಉದಾಹರಣೆಯ ಟೀಚರ್ ಬರೀ ಸಂಬಳದಲ್ಲಿ 18,000ದ ಸರಿಸಮಕ್ಕೆ ಬರಬೇಕಾದರೆ ಎರಡು ತಿಂಗಳಲ್ಲಿ 16,000 ದುಡಿಯಬೇಕು.

ಅಮೆರಿಕದಲ್ಲಿಯೂ ಶಿಕ್ಷಕರ ಒಪ್ಪಂದ ಬಹುತೇಕ ಹತ್ತು ತಿಂಗಳದ್ದೇ. ಆದರೆ ಅಲ್ಲಿ ಮಾತಾಗುವುದು ವರ್ಷದ ಮೊತ್ತದಲ್ಲಿ, ಅದನ್ನು ಹತ್ತು ತಿಂಗಳಲ್ಲೇ ಪಡೆಯಬೇಕೋ ಹನ್ನೆರಡಕ್ಕೆ ಹಂಚಿಕೊಳ್ಳಬೇಕೋ ಎಂದು ಆರಿಸುವ ಅವಕಾಶ ಹಲವು ಜಿಲ್ಲೆಗಳಲ್ಲಿದೆ. ಹಂಚಿದರೂ ಹಂಚದಿದ್ದರೂ ಮೊತ್ತ ಅದೇ. ನಮ್ಮ ಕಾಯಂ ಸರ್ಕಾರಿ ಶಿಕ್ಷಕರಿಗೆ ಬೇಸಿಗೆಯಲ್ಲೂ ಪೂರ್ಣ ಸಂಬಳವಿದೆ, ಬದಲಿಗೆ ಗಳಿಕೆ ರಜೆ ಮಾತ್ರ ಉಳಿದ ಇಲಾಖೆಗಳವರಿಗಿಂತ ಬಹಳ ಕಡಿಮೆ.

ಖಾಸಗಿ ಶಾಲೆಯ ಆಡಳಿತ ಮಂಡಳಿಯ ಮುಂದೆಯೂ ಈ ಮಾತು ಇಡಬಹುದು: ‘ವರ್ಷಕ್ಕೆ ಅದೇ 2 ಲಕ್ಷ ಕೊಡಿ, 16,667ರಂತೆ ಹನ್ನೆರಡು ತಿಂಗಳು ಕೊಡಿ.’ ಸಂಬಳದ ಬಾಬ್ತಿನಲ್ಲಿ ಶಾಲೆಗೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಟೀಚರಿಗೆ ಖಾಲಿ ತಿಂಗಳಿಲ್ಲ, ಏಪ್ರಿಲ್–ಮೇನಲ್ಲೂ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಸೇವೆ ತುಂಡಾಗುವುದಿಲ್ಲ. ಶಾಲೆಗಳು ಹಿಂಜರಿಯುವುದು ಇದೇ ಕಾರಣಕ್ಕೆ. ಮಾರ್ಚ್ 31ಕ್ಕೆ ಕೆಲಸ ಮುಗಿದರೆ ಜೂನ್‌ನಲ್ಲಿ ಕರೆಯುವುದೂ ಬಿಡುವುದೂ ಅವರ ಇಷ್ಟ. ಈ ಹಂಚಿಕೆಯನ್ನು ಒಪ್ಪದ ಶಾಲೆಯಲ್ಲಿ ಆ 20,000ದ ಜೊತೆಗೆ ಪ್ರತಿ ಬೇಸಿಗೆಯೂ ಕೆಲಸ ಕಳೆದುಕೊಳ್ಳುವ ಸಾಧ್ಯತೆಯೂ ಬರುತ್ತದೆ. ಅದಕ್ಕೆ ಎಷ್ಟು ಕಳೆಯಬೇಕು ಎಂಬುದನ್ನು ಆ ಶಾಲೆಯಲ್ಲಿ ಹೋದ ಮೂರು ವರ್ಷ ದುಡಿದವರಲ್ಲಿ ಎಷ್ಟು ಜನ ಇನ್ನೂ ಅಲ್ಲೇ ಇದ್ದಾರೆ ಎಂದು ವಿಚಾರಿಸಿ ತಿಳಿಯಬಹುದು.