ರಾಜ್‌ಕುಮಾರ್ ಹೆಸರು ಕೆಟ್ಟಿದ್ದು ಯಾವ ಕಮಿಟ್‌ನಲ್ಲಿ?

ಕನ್ನಡದಲ್ಲಿ ‘ರಾಜ್‌ಕುಮಾರ್’ ಎಂದು ಟೈಪ್ ಮಾಡಿದಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ U+200C, ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್. ‘ಇಲ್ಲಿ ಒತ್ತಕ್ಷರ ಮಾಡಬೇಡ’ ಎಂದು ಕಂಪ್ಯೂಟರಿಗೆ ಹೇಳುವುದಷ್ಟೇ ಅದರ ಕೆಲಸ. ಅದು ಉದುರಿಹೋದರೆ ಹೆಸರು ‘ರಾಜ್ಕುಮಾರ್’ ಆಗುತ್ತದೆ. ಕನ್ನಡ ಓದಲು ಬಾರದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ನಮಗೆ ಮಾತ್ರ ನೋಡಿದ ಕೂಡಲೇ ಕಣ್ಣಿಗೆ ಚುಚ್ಚುತ್ತದೆ.

ಪುಣೆಯಲ್ಲಿ ನಾನು ಕೆಲಸ ಮಾಡುವ ತಂಡ ಪಾರ್ಸೆಲ್‌ಗಳ ಮೇಲೆ ಅಂಟಿಸುವ ಲೇಬಲ್ ಮುದ್ರಿಸುವ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಹೆಸರು, ವಿಳಾಸ ಆರು ಭಾಷೆಗಳಲ್ಲಿ ಬರುತ್ತವೆ. ಕನ್ನಡ ಹೆಸರುಗಳು ಹೀಗೆ ಕೆಟ್ಟು ಬರುತ್ತಿವೆ ಎಂದು ಹುಬ್ಬಳ್ಳಿಯಿಂದ ದೂರು ಬಂತು. ಎಂಟು ತಿಂಗಳ ಹಿಂದಿನ ಒಂದು ಲೇಬಲ್‌ನ ಫೋಟೋವನ್ನೂ ಅವರೇ ಕಳಿಸಿದ್ದರು. ಅದರಲ್ಲಿ ಹೆಸರು ಸರಿಯಾಗಿತ್ತು. ಅಂದರೆ ಮೊದಲು ಸರಿ ಇದ್ದದ್ದು ನಡುವೆ ಎಲ್ಲೋ ಕೆಟ್ಟಿದೆ. ಇಂಥದ್ದಕ್ಕೆ ನಮ್ಮ ಉದ್ಯೋಗದಲ್ಲಿ ರಿಗ್ರೆಶನ್ ಎನ್ನುತ್ತಾರೆ. ಎಂಟು ತಿಂಗಳ ಹಿಂದಿನ ಆವೃತ್ತಿ v4.2. ಅಲ್ಲಿಂದ ಇವತ್ತಿನವರೆಗೆ ಗಿಟ್ ಇತಿಹಾಸದಲ್ಲಿ 1400 ಕಮಿಟ್‌ಗಳಿದ್ದವು.

ಕಮಿಟ್‌ಗಳ ಜೊತೆ ಬರೆದಿಟ್ಟ ಟಿಪ್ಪಣಿಗಳಲ್ಲಿ ‘ಕನ್ನಡ’ ಎಂದು ಹುಡುಕಿದೆವು. ಏನೂ ಸಿಗಲಿಲ್ಲ. ‘ಫಾಂಟ್’ ಎಂದು ಹುಡುಕಿದಾಗ ಒಂದು ಕಮಿಟ್ ಸಿಕ್ಕಿತು: ಹೊಸದಾಗಿ ಸೇರಿದ ಧಾರವಾಡದ ಹುಡುಗಿಯೊಬ್ಬಳು ಫಾಂಟ್ ಲೈಬ್ರರಿಯನ್ನು ಹೊಸ ಆವೃತ್ತಿಗೆ ಏರಿಸಿದ್ದಳು. ಅಕ್ಷರ ಕೆಟ್ಟಿದೆ ಎಂದಮೇಲೆ ಫಾಂಟ್ ಮುಟ್ಟಿದವರೇ ಕಾರಣ ಎಂದು ಮೀಟಿಂಗಿನಲ್ಲಿ ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು. ಹೊರಗೆ ಬಂದಮೇಲೆ ಅವಳು ಹೇಳಿದ್ದು ಇಷ್ಟು: “ಸರ್, ನಾ ಫಾಂಟ್ ಅಷ್ಟ ಬದಲಿ ಮಾಡೇನ್ರಿ. ಹೆಸರಿಗೆ ಕೈ ಹಚ್ಚಿಲ್ರಿ.” ಅವಳ ಪ್ರೊಬೇಷನ್ ಮುಗಿಯಲು ಇನ್ನೂ ಒಂದು ತಿಂಗಳಿತ್ತು.

ಊಹೆ ಬಿಟ್ಟು ಲೆಕ್ಕಕ್ಕೆ ಇಳಿಯಲು `git bisect` ಇದೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದ ವರ್ಷವೇ ಇದೂ ಅದರೊಳಗೆ ಬಂತು. ಲಿನಕ್ಸ್ ಕರ್ನೆಲ್‌ನ ಒಂದೊಂದು ಆವೃತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್ ಸೇರುವುದರಿಂದ ಅಲ್ಲಿನವರಿಗೆ ಇದಿಲ್ಲದೆ ಕೆಲಸ ಸಾಗುವುದಿಲ್ಲ. ವಿಧಾನ ನಿಘಂಟಿನಲ್ಲಿ ಪದ ಹುಡುಕಿದ ಹಾಗೆ. ಸರಿ ಇದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ಎರಡನ್ನೂ ಗಿಟ್‌ಗೆ ತೋರಿಸಬೇಕು. ಅದು ನಟ್ಟನಡುವಿನ ಕಮಿಟ್ ತೆಗೆದುಕೊಟ್ಟು ‘ಇದು ಹೇಗಿದೆ?’ ಎಂದು ಕೇಳುತ್ತದೆ. ಸರಿ ಎಂದರೆ ಮೊದಲ ಅರ್ಧ ಬಿಟ್ಟಿತು, ಕೆಟ್ಟಿದೆ ಎಂದರೆ ಕೊನೆಯ ಅರ್ಧ ಬಿಟ್ಟಿತು. 1400 ಇದ್ದದ್ದು 700, 350, 175 ಹೀಗೆ ಇಳಿಯುತ್ತ ಹತ್ತು ಹನ್ನೊಂದು ಪ್ರಶ್ನೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ನಮ್ಮ ಪ್ರೋಗ್ರಾಂ ಬಿಲ್ಡ್ ಮಾಡಿ ಪರೀಕ್ಷಿಸಲು ನಾಲ್ಕು ನಿಮಿಷ ಬೇಕು. ಒಂದೊಂದಾಗಿ 1400 ನೋಡಲು ಹೊರಟರೆ 93 ಗಂಟೆ, ಅರ್ಧ ಮಾಡುತ್ತ ಹೋದರೆ ಮುಕ್ಕಾಲು ಗಂಟೆ.

```
git bisect start
git bisect bad HEAD
git bisect good v4.2
git bisect run ~/bisect/check.sh
```

ಕೊನೆಯ ಸಾಲು ನಮ್ಮ ಪರವಾಗಿ ಒಂದು ಸ್ಕ್ರಿಪ್ಟ್ ಉತ್ತರ ಕೊಡಲಿ ಎಂದು ಹೇಳುತ್ತದೆ. ಸ್ಕ್ರಿಪ್ಟ್ ಮುಗಿಯುವಾಗ 0 ಹಿಂತಿರುಗಿಸಿದರೆ ‘ಸರಿ’, 1 ಕೊಟ್ಟರೆ ‘ಕೆಟ್ಟಿದೆ’. ಅದನ್ನು ಬರೆದು ಎಬ್ಬಿಸಿ ಚಹಾ ಕುಡಿಯಲು ಹೋಗಬಹುದು. ನಮ್ಮ ತಂಡದ ಒಬ್ಬ ಹುಡುಗ ಮಾಡಿದ್ದೂ ಅದನ್ನೇ. ಅವನು ಬರೆದ ಸ್ಕ್ರಿಪ್ಟ್ ಸರಳವಾಗಿತ್ತು: ಬಿಲ್ಡ್ ಮಾಡು, ಆಮೇಲೆ ರಾಜ್‌ಕುಮಾರ್ ಎಂಬ ಹೆಸರಿನ ಲೇಬಲ್ ತೆಗೆದು ಆ ಕಾಣದ ಚಿಹ್ನೆ ಇದೆಯೋ ನೋಡು. ಅವನು ವಾಪಸ್ ಬರುವಷ್ಟರಲ್ಲಿ ಉತ್ತರ ಸಿದ್ಧವಾಗಿತ್ತು. ಮೊದಲು ಕೆಟ್ಟದ್ದು 691ನೇ ಕಮಿಟ್. ಅದೇ ಫಾಂಟ್ ಲೈಬ್ರರಿಯ ಕಮಿಟ್.

ಬೈಸೆಕ್ಟ್‌ನ ಉತ್ತರಕ್ಕೆ ಒಂದು ಗತ್ತು ಇರುತ್ತದೆ. `is the first bad commit` ಎಂದು ಪರದೆಯ ಮೇಲೆ ಬಂದರೆ ನ್ಯಾಯಾಲಯದ ತೀರ್ಪು ಬಂದ ಹಾಗೆ. ನಮ್ಮ ಮ್ಯಾನೇಜರ್ ಆಗಲೇ ಮೇಲ್ ಬರೆಯಲು ಕೂತಿದ್ದರು. ಆದರೆ ಹೆಸರು ಸಿಕ್ಕಿದ ಕೂಡಲೇ ಆ ಕಮಿಟ್ ಅನ್ನು ಒಮ್ಮೆ ಕೈಯಾರೆ ಓಡಿಸಿ ನೋಡುವುದು ನನ್ನ ರೂಢಿ. 691ನ್ನು ಚೆಕ್‌ಔಟ್ ಮಾಡಿ `make` ಎಂದೆ. ಬಿಲ್ಡ್ ಆಗಲೇ ಇಲ್ಲ. ಹೊಸ ಲೈಬ್ರರಿ ಇರುವ ಜಾಗ ಬಿಲ್ಡ್ ಫೈಲಿನಲ್ಲಿ ತಪ್ಪಾಗಿತ್ತು. ಮರುದಿನ ಬೇರೊಬ್ಬರು ಅದನ್ನು ಸರಿಪಡಿಸಿದ್ದರು, ಅಷ್ಟರೊಳಗೆ 712ರವರೆಗೆ ಇಪ್ಪತ್ತೆರಡು ಕಮಿಟ್‌ಗಳು ಬಿಲ್ಡ್ ಆಗದ ಸ್ಥಿತಿಯಲ್ಲೇ ಸೇರಿಹೋಗಿದ್ದವು.

ಈಗ ಏನಾಯಿತು ನೋಡಿ. 1400ರ ನಡು 700. ಬೈಸೆಕ್ಟ್ ಕೇಳಿದ ಮೊದಲ ಪ್ರಶ್ನೆಯೇ ಆ ಬಿಲ್ಡ್ ಆಗದ ಇಪ್ಪತ್ತೆರಡರೊಳಗೆ ಹೋಗಿ ಬಿತ್ತು. `make` ಸೋತಿತು, ಸೋತ `make` ಸೊನ್ನೆಯಲ್ಲದ ಸಂಖ್ಯೆ ಕೊಡುತ್ತದೆ, ಗಿಟ್ ಅದನ್ನು ‘ಹೆಸರು ಕೆಟ್ಟಿದೆ’ ಎಂದು ಓದಿಕೊಂಡಿತು. ಅಲ್ಲಿಗೆ 700ರ ಮೇಲಿನ ಅಷ್ಟೂ ಕಮಿಟ್‌ಗಳು ತನಿಖೆಯಿಂದ ಹೊರಗೆ ಹೋದವು. ನಿಜವಾದ ಕಾರಣ ಅವುಗಳಲ್ಲೇ ಇತ್ತು. ಉಳಿದ ಅರ್ಧದಲ್ಲಿ ಹೆಸರು ಎಲ್ಲೂ ಕೆಟ್ಟಿರಲಿಲ್ಲ, ಆದ್ದರಿಂದ ಅದು ಬಿಲ್ಡ್ ಮುರಿದ ಜಾಗವನ್ನೇ ಚಾಚೂ ತಪ್ಪದೆ ಹುಡುಕಿಕೊಟ್ಟಿತು. ಹೆಸರು ತಪ್ಪಾಗಿ ಅಚ್ಚಾಗುವುದು ಬೇರೆ, ಏನೂ ಅಚ್ಚಾಗದಿರುವುದು ಬೇರೆ. ಸ್ಕ್ರಿಪ್ಟ್‌ಗೆ ಆ ವ್ಯತ್ಯಾಸ ಯಾರೂ ಹೇಳಿರಲಿಲ್ಲ.

ಅದಕ್ಕಾಗಿಯೇ ಗಿಟ್‌ನಲ್ಲಿ 125 ಎಂಬ ಸಂಖ್ಯೆ ಇದೆ. ಸ್ಕ್ರಿಪ್ಟ್ 125 ಕೊಟ್ಟರೆ ‘ಈ ಕಮಿಟ್ ಬಗ್ಗೆ ನಾನೇನೂ ಹೇಳಲಾರೆ, ಬೇರೆಯದನ್ನು ಕೊಡು’ ಎಂದರ್ಥ. ಗಿಟ್ ಅದನ್ನು ಬದಿಗಿಟ್ಟು ಸ್ವಲ್ಪ ಆಚೀಚೆ ಇರುವ ಮತ್ತೊಂದನ್ನು ಪರೀಕ್ಷೆಗೆ ಕೊಡುತ್ತದೆ. ತಿದ್ದಿದ ಸ್ಕ್ರಿಪ್ಟ್ ಇದು:

```
#!/bin/sh
make clean >/dev/null 2>&1
make >/dev/null 2>&1 || exit 125
./label --text ~/bisect/rajkumar.json > /tmp/out.txt || exit 125
grep -qF "$(printf '\342\200\214')" /tmp/out.txt
```

ಕೊನೆಯ ಸಾಲಿನ ಮೂರು ಸಂಖ್ಯೆಗಳು ಆ ಕಾಣದ ಚಿಹ್ನೆಯ ಮೂರು ಬೈಟ್‌ಗಳು. ಸಿಕ್ಕಿದರೆ `grep` 0 ಕೊಡುತ್ತದೆ, ಸಿಗದಿದ್ದರೆ 1. ಸ್ಕ್ರಿಪ್ಟ್ ಮತ್ತು ಅದು ಓದುವ ಫೈಲ್ ಎರಡೂ ರೆಪೊಸಿಟರಿಯ ಹೊರಗೆ, `~/bisect` ಒಳಗಿವೆ. ಅವನ್ನೂ ರೆಪೊಸಿಟರಿಯಲ್ಲಿ ಕಮಿಟ್ ಮಾಡಿಟ್ಟರೆ, ಗಿಟ್ ಹಳೆಯ ಕಮಿಟ್‌ಗೆ ಹೋದಾಗ ಅವೂ ಮಾಯವಾಗುತ್ತವೆ.

ಓಡಿಸುವ ಮೊದಲು ಎರಡು ತುದಿಗಳಲ್ಲೂ ಸ್ಕ್ರಿಪ್ಟ್ ಅನ್ನು ಕೈಯಾರೆ ನಡೆಸಿ ನೋಡಿದೆವು. v4.2ರಲ್ಲಿ 0 ಬಂತು, ಇವತ್ತಿನದರಲ್ಲಿ 1 ಬಂತು. ಈ ಎಂಟು ನಿಮಿಷ ಎಂದೂ ದಂಡವಾಗುವುದಿಲ್ಲ. v4.2 ಅನ್ನು ಇವತ್ತು ಬಿಲ್ಡ್ ಮಾಡಿದಾಗ ಅದರಲ್ಲೂ ಹೆಸರು ಕೆಟ್ಟು ಬಂದಿದ್ದರೆ, ತಪ್ಪು ಕಮಿಟ್‌ಗಳಲ್ಲಿ ಇಲ್ಲ, ಯಂತ್ರದಲ್ಲೋ ಫಾಂಟಿನಲ್ಲೋ ಬಂದ ಡೇಟಾದಲ್ಲೋ ಇದೆ ಎಂದಾಗುತ್ತಿತ್ತು. ಆಗ ಬೈಸೆಕ್ಟ್ ಎಷ್ಟು ಓಡಿದರೂ ಪ್ರಯೋಜನವಿಲ್ಲ. ಒಮ್ಮೆ ಬಂದು ಒಮ್ಮೆ ಬರದಿರುವ ದೋಷವಾದರೂ ಹಾಗೆಯೇ, ಒಂದು ಸುಳ್ಳು ‘ಸರಿ’ ಸಾಕು, ಹುಡುಕಾಟ ತಪ್ಪು ಅರ್ಧಕ್ಕೆ ಹೋಗಿಬಿಡುತ್ತದೆ. ಅಂಥ ಕಡೆ ಒಂದೊಂದು ಕಮಿಟ್‌ನಲ್ಲೂ ಪರೀಕ್ಷೆಯನ್ನು ಹತ್ತಿಪ್ಪತ್ತು ಸಲ ನಡೆಸಿ ಒಮ್ಮೆ ಸೋತರೂ ‘ಕೆಟ್ಟಿದೆ’ ಎನ್ನಬೇಕು. ನಮ್ಮದು ಪುಣ್ಯಕ್ಕೆ ಯಾವಾಗಲೂ ಒಂದೇ ಉತ್ತರ ಕೊಡುವ ದೋಷ.

ಎರಡನೆಯ ಸಲ `git bisect reset` ಮಾಡಿ ಮತ್ತೆ ಮೊದಲಿನಿಂದ ಓಡಿಸಿದೆವು. 700 ಬಂದಾಗ ಸ್ಕ್ರಿಪ್ಟ್ 125 ಎಂದಿತು, ಗಿಟ್ ಪಕ್ಕಕ್ಕೆ ಸರಿದು ಬಿಲ್ಡ್ ಆಗುವ ಕಮಿಟ್ ಹಿಡಿಯಿತು, ಅದು ಸರಿ ಇತ್ತು. ಅಲ್ಲಿಂದ ಮೇಲಕ್ಕೆ ಹೋಗಿ 1013ರಲ್ಲಿ ನಿಂತಿತು. ಬಿಟ್ಟ ಕಮಿಟ್‌ಗಳು ದೋಷದ ಪಕ್ಕದಲ್ಲೇ ಇದ್ದಿದ್ದರೆ ಇಷ್ಟು ಖಚಿತವಾಗಿ ನಿಲ್ಲುತ್ತಿರಲಿಲ್ಲ. ‘ಇವುಗಳಲ್ಲಿ ಯಾವುದಾದರೂ ಇರಬಹುದು’ ಎಂದು ಒಂದು ಪಟ್ಟಿ ಕೊಟ್ಟು ಗಿಟ್ ಕೈ ಚೆಲ್ಲುತ್ತಿತ್ತು.

1013ರ ಟಿಪ್ಪಣಿಯಲ್ಲಿ ಕನ್ನಡವೂ ಇರಲಿಲ್ಲ, ಫಾಂಟೂ ಇರಲಿಲ್ಲ. ಅದು ಫೋನ್ ನಂಬರುಗಳ ಕಮಿಟ್. ಎಕ್ಸೆಲ್‌ನಿಂದ ನಕಲು ಮಾಡಿ ಅಂಟಿಸಿದ ನಂಬರುಗಳ ಜೊತೆ ಕಾಣದ ಚಿಹ್ನೆಗಳು ಸೇರಿಕೊಂಡು ಎಸ್ಸೆಮ್ಮೆಸ್ ಹೋಗುತ್ತಿರಲಿಲ್ಲ. ಅದಕ್ಕೆ ಯಾರೋ ಹದಿನಾಲ್ಕು ಸಾಲಿನ ಒಂದು ಫಂಕ್ಷನ್ ಬರೆದು, ಯೂನಿಕೋಡ್‌ನಲ್ಲಿ Cf ಎಂಬ ವರ್ಗಕ್ಕೆ ಸೇರಿದ ಎಲ್ಲ ಚಿಹ್ನೆಗಳನ್ನೂ ಕಿತ್ತುಹಾಕಿದ್ದರು. ನಮ್ಮ U+200C ಕೂಡ ಆ ವರ್ಗದ್ದೇ. ಫೋನ್ ನಂಬರಿಗೆ ಮಾತ್ರ ಹಚ್ಚಿದ್ದರೆ ತೊಂದರೆ ಇರಲಿಲ್ಲ. ಆರ್ಡರ್ ಉಳಿಸುವ ಮುನ್ನ ಎಲ್ಲ ಕಾಲಂಗಳಿಗೂ ಹಚ್ಚಿದ್ದರು. ಪರೀಕ್ಷೆಗೆ ಇಟ್ಟಿದ್ದ ಹೆಸರುಗಳಲ್ಲಿ ಯಾವುದಕ್ಕೂ ಈ ಚಿಹ್ನೆ ಬೇಕಿರಲಿಲ್ಲ, ಹಾಗಾಗಿ ಎಲ್ಲವೂ ಪಾಸಾಗಿದ್ದವು. ಹದಿನಾಲ್ಕು ಸಾಲು ಇದ್ದದ್ದರಿಂದ ಎರಡು ನಿಮಿಷದಲ್ಲಿ ಅರ್ಥವಾಯಿತು. ಒಂದು ವಾರದ ಕೆಲಸವನ್ನೆಲ್ಲ ಮೂರು ಸಾವಿರ ಸಾಲಿನ ಒಂದೇ ಕಮಿಟ್ ಆಗಿ ಸೇರಿಸುವವರ ಇತಿಹಾಸದಲ್ಲಿ ಬೈಸೆಕ್ಟ್ ಬಾಗಿಲವರೆಗೆ ಮಾತ್ರ ತಂದು ಬಿಡುತ್ತದೆ.

ಈ ಸಲ ಮೇಲ್ ಹೋಗುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆವು. ಇವತ್ತಿನ ಕೋಡ್ ಮೇಲೆ ಆ ಒಂದು ಕಮಿಟ್ ಅನ್ನು ಮಾತ್ರ `git revert --no-commit` ಕೊಟ್ಟು ಹಿಂತೆಗೆದು ಸ್ಕ್ರಿಪ್ಟ್ ಓಡಿಸಿದರೆ 0 ಬಂತು. ಹೆಸರು ಸರಿಯಾಯಿತು. ಹಿಂತೆಗೆದರೂ ಕೆಟ್ಟೇ ಇದ್ದಿದ್ದರೆ ಇನ್ನೊಂದು ಕಾರಣ ಎಲ್ಲೋ ಇದೆ ಎಂದು ಮತ್ತೆ ಹುಡುಕಬೇಕಾಗುತ್ತಿತ್ತು. `git bisect log` ಕೊಟ್ಟ ಪ್ರಶ್ನೋತ್ತರಗಳ ಪಟ್ಟಿಯನ್ನು ಮೇಲ್‌ಗೆ ಲಗತ್ತಿಸಿದೆವು. ಯಾರಿಗಾದರೂ ಸಂಶಯವಿದ್ದರೆ `git bisect replay` ಕೊಟ್ಟು ಅದೇ ಹೆಜ್ಜೆಗಳಲ್ಲಿ ನಡೆದು ನೋಡಬಹುದು. ಮುಂದಿನ ಮೀಟಿಂಗಿನಲ್ಲಿ ಆ ಹುಡುಗಿಯ ಕಡೆ ಯಾರೂ ನೋಡಲಿಲ್ಲ. ಪರೀಕ್ಷೆಗಳ ಪಟ್ಟಿಗೆ ರಾಜ್‌ಕುಮಾರ್ ಹೆಸರನ್ನು ಸೇರಿಸಿದವಳು ಅವಳೇ.

ಕೋಡ್ ತಿದ್ದುವುದು ಅರ್ಧ ಗಂಟೆಯ ಕೆಲಸವಾಯಿತು: ಶುಚಿ ಮಾಡುವ ಫಂಕ್ಷನ್ ಇನ್ನು ಫೋನ್ ನಂಬರು ಮತ್ತು ಪಿನ್‌ಕೋಡಿಗೆ ಮಾತ್ರ. ಆದರೆ ಆ ಕಮಿಟ್ ಬಳಕೆಗೆ ಬಂದು ಎರಡು ತಿಂಗಳಾಗಿತ್ತು, ಅಷ್ಟು ದಿನ ಉಳಿಸಿದ ಹೆಸರುಗಳಲ್ಲಿ ಚಿಹ್ನೆ ಹೋದದ್ದು ಹೋದದ್ದೇ. ಯಾವ ‘ಜ್ಕ’ ತಪ್ಪು, ಮಸ್ಕತ್ ಎಂಬಲ್ಲಿನ ‘ಸ್ಕ’ ಯಾಕೆ ಸರಿ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಯಾವ ದಿನದಿಂದ ಕೆಟ್ಟಿತು ಎಂಬುದು ಮಾತ್ರ ಈಗ ಖಚಿತವಾಗಿ ಗೊತ್ತಿತ್ತು. ಆ ದಿನದ ನಂತರದ ಕನ್ನಡ ಹೆಸರುಗಳನ್ನಷ್ಟೇ ಬೇರೆ ಮಾಡಿ, ಹಳೆಯ ದಾಖಲೆ ಇದ್ದವರದ್ದನ್ನು ಅಲ್ಲಿಂದಲೇ ತುಂಬಿ, ಉಳಿದವನ್ನು ಒಂದು ಪಟ್ಟಿಯಾಗಿ ಹುಬ್ಬಳ್ಳಿಗೆ ಕಳಿಸಿದೆವು. ಅಲ್ಲಿ ಕೂತು ಒಂದೊಂದನ್ನೇ ಓದಿ ತಿದ್ದುತ್ತಿದ್ದಾರೆ.